ಫೈನಲ್ ರೌಂಡ್ ಆದ ಮೇಲೆ ರಿಕ್ರೂಟರ್ ಮಾತೇ ಇಲ್ಲ, ಇನ್ನೊಂದು ಆಫರ್‌ಗೆ ಸೋಮವಾರ ಉತ್ತರ ಕೊಡಬೇಕು

ಕೊಪ್ಪದ_ಟೆಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಸರ್ವಿಸ್ ಕಂಪನಿಯಲ್ಲಿ ಆಟೊಮೇಶನ್ ಟೆಸ್ಟಿಂಗ್ ಕೆಲಸದಲ್ಲಿದ್ದೀನಿ. ಆರೂವರೆ ವರ್ಷದ ಅನುಭವ, ನೋಟಿಸ್ ಪೀರಿಯಡ್ 90 ದಿನ.

ಅಮೆರಿಕದ ಒಂದು ಪ್ರಾಡಕ್ಟ್ ಕಂಪನಿಯ ಬೆಂಗಳೂರು ಆಫೀಸಿಗೆ ಒಂದು ಕನ್ಸಲ್ಟೆನ್ಸಿ ಮೂಲಕ ಅಪ್ಲೈ ಮಾಡಿದ್ದೆ. ಆನ್‌ಲೈನ್ ಟೆಸ್ಟ್, ಎರಡು ಟೆಕ್ನಿಕಲ್ ರೌಂಡ್, ಮ್ಯಾನೇಜರ್ ರೌಂಡ್ ಎಲ್ಲಾ ಆಯ್ತು. ಕೊನೆಗೆ ಅಲ್ಲಿನ ಡೈರೆಕ್ಟರ್ ಜೊತೆ ವಿಡಿಯೋ ಕಾಲ್, ಮುಕ್ಕಾಲು ಗಂಟೆ ಚೆನ್ನಾಗೇ ನಡೀತು. ಮಾರನೇ ದಿನ ಕಂಪನಿಯ ರಿಕ್ರೂಟರ್ ತಾವೇ ಫೋನ್ ಮಾಡಿ ಮೂರು ತಿಂಗಳ ಪೇ ಸ್ಲಿಪ್, ಸಿಟಿಸಿ ವಿವರ ಎಲ್ಲಾ ತರಿಸಿಕೊಂಡರು. ‘30 ಲಕ್ಷದ ಆಸುಪಾಸು ಆಗಬಹುದು, ಶುಕ್ರವಾರದೊಳಗೆ ಹೇಳ್ತೀವಿ’ ಅಂದ್ರು. ಆಮೇಲೆ ಎರಡು ಶುಕ್ರವಾರ ಕಳೆದವು. ಮೇಲ್‌ಗೆ ಉತ್ತರ ಇಲ್ಲ, ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿದ್ದಿದೆ, ಫೋನ್ ಎತ್ತಲ್ಲ. ಅವರ ಪೋರ್ಟಲ್‌ನಲ್ಲಿ ಈಗಲೂ `Under Review` ಅಂತಲೇ ತೋರಿಸ್ತಿದೆ.

ಈ ಮಧ್ಯೆ ಇನ್ನೊಂದು ಚಿಕ್ಕ ಕಂಪನಿಯಿಂದ 24 ಲಕ್ಷದ ಆಫರ್ ಲೆಟರ್ ಬಂದಿದೆ. ಸೋಮವಾರದೊಳಗೆ ಒಪ್ಪಿಗೆ ಕೊಡಬೇಕು. ಮೊದಲನೇ ಕಂಪನಿ ಕೆಲಸ ನಿಜಕ್ಕೂ ಇಷ್ಟ ಆಗಿತ್ತು. ಈ ಮೌನ ಅಂದ್ರೆ ಇಲ್ಲ ಅಂತಲೇ ತಿಳ್ಕೋಬೇಕಾ? ಯಾರಿಗೆ, ಏನಂತ ಬರೀಲಿ?

ಜಯನಗರ_ಕಾಂಪ್ಲೆಕ್ಸ್

ಪೇ ಸ್ಲಿಪ್ ಕೇಳಿದ್ದಾರೆ, ಸಂಬಳದ ಅಂಕಿ ಹೇಳಿದ್ದಾರೆ ಅಂದ್ಮೇಲೆ ಸೆಲೆಕ್ಟ್ ಆಗಿದ್ದೀರಿ ಬಿಡಿ. ಬೇಡದವರ ಪೇ ಸ್ಲಿಪ್ ತಗೊಂಡು ಅವರೇನ್ ಮಾಡ್ತಾರೆ? ನನಗೂ ಹೀಗೇ ಮೂರು ವಾರ ಕಾಯಿಸಿ ಆಮೇಲೆ ಲೆಟರ್ ಕೊಟ್ರು. ದಿನಾ ಒಂದು ಸಲ ಫೋನ್ ಮಾಡ್ತಾ ಇರಿ, ಮರೆಯೋಕೆ ಬಿಡಬೇಡಿ. 24ಕ್ಕೆ ಹೋಗಿ ಆರು ಲಕ್ಷ ಕಳ್ಕೋಬೇಡಿ.

ನೇಮಕಾತಿ_ಕಡೆಯವಳು

ನಾನು ಹದಿನಾಲ್ಕು ವರ್ಷ ಕಂಪನಿಗಳ ಒಳಗೇ ಇದ್ದು ಈ ಕೆಲಸ ಮಾಡಿದವಳು. ಜಯನಗರದವರು ಹೇಳಿದ್ದರಲ್ಲಿ ಅರ್ಧ ಸರಿ. ಪೇ ಸ್ಲಿಪ್ ಕೇಳಿದ್ದಾರೆ ಅಂದ್ರೆ ನೀವು ಕೊನೇ ಪಟ್ಟಿಯಲ್ಲಿ ಇದ್ದೀರಿ, ಅದು ಖಂಡಿತ. ಆದರೆ ಆ ಪಟ್ಟಿಯಲ್ಲಿ ನೀವೊಬ್ಬರೇ ಇರಬೇಕು ಅಂತೇನಿಲ್ಲ. ಇಬ್ಬರು ಉಳಿದಿದ್ರೆ ಇಬ್ಬರ ಹತ್ತಿರವೂ ಕೇಳ್ತೀವಿ. ಯಾರನ್ನ ತಗೊಂಡರೆ ಎಷ್ಟು ಬೀಳುತ್ತೆ ಅಂತ ಫೈನಾನ್ಸ್‌ನವರಿಗೆ ತೋರಿಸೋಕೆ ಆ ಕಾಗದ ಬೇಕು.

ಡೈರೆಕ್ಟರ್ ರೌಂಡ್ ಆದ ಮೇಲೆ ಒಳಗೆ ನಡೆಯೋದು ಇಷ್ಟು. ಇಂಟರ್‌ವ್ಯೂ ಮಾಡಿದವರೆಲ್ಲ ತಮ್ಮ ಅಭಿಪ್ರಾಯ ಬರೀತಾರೆ, ಮ್ಯಾನೇಜರ್ ಯಾರು ಮೊದಲು, ಯಾರು ಎರಡನೆಯವರು ಅಂತ ತೀರ್ಮಾನ ಮಾಡ್ತಾರೆ. ರಿಕ್ರೂಟರ್ ಒಂದು ಸಂಬಳದ ಪ್ರಸ್ತಾವನೆ ಹಾಕ್ತಾರೆ. ಅದೇ ಟೀಮಿನಲ್ಲಿ ಅದೇ ದರ್ಜೆಯವರು ಪಡೀತಿರೋದಕ್ಕಿಂತ ತುಂಬಾ ಮೇಲೆ ಹೋದ್ರೆ ಇನ್ನೊಬ್ಬರ ಒಪ್ಪಿಗೆ ಬೇಕು. ಆ ಹುದ್ದೆಗೆ ಇಟ್ಟ ಹಣ ಇನ್ನೂ ಇದೆಯಾ ಅಂತ ಫೈನಾನ್ಸ್ ನೋಡುತ್ತೆ. ಎಲ್ಲೂ ತೊಡಕಿಲ್ಲದೆ ಹೋದ್ರೆ ಒಂದರಿಂದ ಎರಡು ವಾರದ ಕೆಲಸ.

ನಿಮ್ಮಂಥ ಕೇಸಿನಲ್ಲಿ ಮೌನ ಸಾಮಾನ್ಯವಾಗಿ ಎರಡು ಕಡೆ ಹುಟ್ಟುತ್ತೆ. ಒಂದು, ಒಪ್ಪಿಗೆ ಎಲ್ಲೋ ನಿಂತಿದೆ, ಹುದ್ದೆಯನ್ನೇ ತಡೆ ಹಿಡಿದಿರಬಹುದು. ಆಗ ರಿಕ್ರೂಟರ್ ಹತ್ತಿರ ಹೇಳೋಕೆ ಏನೂ ಇರಲ್ಲ, ಹುದ್ದೆ ನಿಂತಿದೆ ಅಂತ ಹೊರಗೆ ಹೇಳೋ ಅಧಿಕಾರವೂ ಇರಲ್ಲ. ಇನ್ನೊಂದು, ಮೊದಲನೆಯವರಿಗೆ ಆಫರ್ ಹೋಗಿದೆ, ನೀವು ಎರಡನೆಯವರು. ನಿಮಗೆ ‘ಇಲ್ಲ’ ಅಂದುಬಿಟ್ಟರೆ, ನಾಳೆ ಮೊದಲನೆಯವರು ಕೈ ಕೊಟ್ಟಾಗ ನಿಮ್ಮನ್ನ ಮತ್ತೆ ಕರೆಯೋಕೆ ಮುಖ ಇರಲ್ಲ. ಅದಕ್ಕೇ ‘ಹೌದು’ ಅಂತಲೂ ಹೇಳದೆ, ‘ಇಲ್ಲ’ ಅಂತಲೂ ಹೇಳದೆ ಬಿಡ್ತಾರೆ. ಇದು ಸರಿ ಅಂತ ನಾನು ಯಾವತ್ತೂ ಒಪ್ಪಿಲ್ಲ. ‘ನೀವು ಎರಡನೇ ಆಯ್ಕೆ’ ಅಂತ ಬಾಯಿಬಿಟ್ಟು ಹೇಳಿದರೆ ಬಹಳ ಜನ ಮರ್ಯಾದೆಯಿಂದಲೇ ಅರ್ಥ ಮಾಡ್ಕೊಳ್ತಾರೆ.

ಹೊರಗಿನಿಂದ ಇದನ್ನ ಪತ್ತೆ ಮಾಡೋಕೆ ನಿಮ್ಮ ಕೈಯಲ್ಲಿ ಈಗ ಒಳ್ಳೆ ಸಾಧನ ಇದೆ: ಸೋಮವಾರದ ಗಡುವು. ‘ಏನಾದ್ರೂ ಅಪ್‌ಡೇಟ್ ಇದೆಯಾ’ ಅನ್ನೋ ಮೇಲ್‌ಗೆ ಯಾರೂ ಉತ್ತರ ಕೊಡಲ್ಲ, ಯಾಕಂದ್ರೆ ಅದಕ್ಕೆ ಇವತ್ತೇ ಉತ್ತರ ಕೊಡಬೇಕು ಅಂತಿಲ್ಲ. ಹೊಸ ಮೇಲ್ ಬೇಡ, ಹಳೇ ಮೇಲ್‌ಗೇ ರಿಪ್ಲೈ ಮಾಡಿ. ಇಂಗ್ಲಿಷಿನಲ್ಲೇ ಬರೀರಿ, ಹುರುಳು ಹೀಗಿರಲಿ:

‘ಡೈರೆಕ್ಟರ್ ಜೊತೆ ಮಾತಾಡಿದ ಮೇಲೆ ಈ ಕೆಲಸವೇ ನನ್ನ ಮೊದಲ ಆಯ್ಕೆ. ಇನ್ನೊಂದು ಕಂಪನಿಯ ಲಿಖಿತ ಆಫರ್ ಬಂದಿದೆ, ಸೋಮವಾರ ಸಂಜೆಯೊಳಗೆ ಉತ್ತರ ಕೊಡಬೇಕು. ಈ ಹುದ್ದೆ ಇನ್ನೂ ತೆರೆದಿದೆಯಾ, ಬೇರೆಯವರಿಗೆ ಆಫರ್ ಹೋಗಿದೆಯಾ ಅಂತ ಒಂದು ಸಾಲು ತಿಳಿಸಿದರೂ ಸಾಕು. ಅಷ್ಟರೊಳಗೆ ಸುದ್ದಿ ಬರದಿದ್ದರೆ ಆ ಆಫರ್ ಒಪ್ಪಿಕೊಳ್ತೀನಿ.’

ಇನ್ನೊಂದು ಕಂಪನಿಯ ಹೆಸರು ಬೇಡ, ಅವರ ಲೆಟರ್ ಲಗತ್ತಿಸಬೇಡಿ. ಮ್ಯಾನೇಜರ್‌ರನ್ನ ಇದೇ ಮೇಲ್‌ಗೆ ಸೇರಿಸಬೇಡಿ, ರಿಕ್ರೂಟರ್ ಮೇಲೆ ದೂರು ಹೇಳಿದ ಹಾಗಾಗುತ್ತೆ. ನಾಳೆ ಮಧ್ಯಾಹ್ನದವರೆಗೆ ಉತ್ತರ ಬರದಿದ್ರೆ ಮ್ಯಾನೇಜರ್‌ಗೆ ಪ್ರತ್ಯೇಕವಾಗಿ ಬರೀರಿ. ಕಂಪನಿಗೆ ನೀವೇ ಬೇಕಿದ್ರೆ, ಎರಡು ವಾರ ನಿಂತಿದ್ದ ಒಪ್ಪಿಗೆ ಎರಡು ದಿನದಲ್ಲಿ ಬರೋದನ್ನ ನಾನೇ ಎಷ್ಟೋ ಸಲ ನೋಡಿದ್ದೀನಿ. ಗಡುವು ಹೇಳಿದ ಮೇಲೂ ಯಾರೂ ಅಲ್ಲಾಡದಿದ್ರೆ ಈ ಸಲಕ್ಕೆ ಇಲ್ಲ ಅಂತಲೇ ಲೆಕ್ಕ ಹಾಕಿ.

ಜಯನಗರ_ಕಾಂಪ್ಲೆಕ್ಸ್

ಒಪ್ಪಿದೆ ಮೇಡಂ. ಆದ್ರೆ ‘ಇನ್ನೊಂದು ಆಫರ್ ಇದೆ’ ಅಂದ್ರೆ ‘ಹಾಗಾದ್ರೆ ಅಲ್ಲಿಗೇ ಹೋಗಿ’ ಅನ್ನಲ್ವಾ?

ನೇಮಕಾತಿ_ಕಡೆಯವಳು

ಅನ್ನಬಹುದು. ಅಂದರೆ ಅದೂ ಉತ್ತರವೇ ಅಲ್ವಾ, ಕೊಪ್ಪದವರಿಗೆ ಬೇಕಿರೋದೂ ಒಂದು ಉತ್ತರವೇ. ಆದರೆ ಇಲ್ಲದ ಆಫರ್ ಇದೆ ಅಂತ ಯಾರೂ ಹೇಳಬೇಡಿ. ‘ಲೆಟರ್ ತೋರಿಸಿ, ಅದಕ್ಕೆ ತಕ್ಕ ಹಾಗೆ ಕೊಡ್ತೀವಿ’ ಅಂತ ಕೇಳೋರಿದ್ದಾರೆ.

ಹುಬ್ಬಳ್ಳಿ_ಫ್ರೆಶರ್

ನಂದೂ ಇದ ಪರಿಸ್ಥಿತಿ ಐತ್ರಿ ಅಣ್ಣಾರ. ಕ್ಯಾಂಪಸ್‌ನ್ಯಾಗ ಸೆಲೆಕ್ಟ್ ಆಗಿ ಲೆಟರ್ ಬಂದು ಭಾಳ ದಿನಾ ಆತು. ಜಾಯ್ನಿಂಗ್ ಡೇಟ್ ಕೇಳಿದ್ರ ‘ಬಿಸಿನೆಸ್ ಅಗತ್ಯ ನೋಡಿ ತಿಳಿಸ್ತೀವಿ’ ಅನ್ನೂದು ಬಿಟ್ರ ಏನೂ ಹೇಳವಲ್ರು. ನಾನೂ ಹಿಂಗ ಗಡುವು ಹಾಕಿ ಮೇಲ್ ಮಾಡ್ಲೇನ್ರಿ?

ನೇಮಕಾತಿ_ಕಡೆಯವಳು

ತಮ್ಮಾ, ನಿಮ್ಮ ವಿಷಯ ಬೇರೆ. ಅವರು ಆರಿಸಿದ್ದಾರೆ, ಕೆಲಸಕ್ಕೆ ಕರೀತಿಲ್ಲ. ನಿಮ್ಮ ಹತ್ತಿರ ಇರೋ ಕಾಗದ ಲೆಟರ್ ಆಫ್ ಇಂಟೆಂಟಾ, ಅಪಾಯಿಂಟ್‌ಮೆಂಟ್ ಲೆಟರಾ ಅಂತ ಮೊದಲು ನೋಡಿ. ಮೊದಲನೆಯದರಲ್ಲಿ ದಿನಾಂಕ ಬದಲಿಸೋ ಹಕ್ಕನ್ನ ಕಂಪನಿ ಸಾಮಾನ್ಯವಾಗಿ ತನ್ನ ಹತ್ತಿರವೇ ಇಟ್ಕೊಂಡಿರುತ್ತೆ. ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್ ಮೂಲಕ ಕೇಳಿಸಿ, ಮುಂದಿನ ವರ್ಷವೂ ಆ ಕಾಲೇಜಿಗೆ ಬರಬೇಕಾದ ಕಂಪನಿ ಅವರ ಮಾತಿಗೆ ಸ್ಪಂದಿಸುತ್ತೆ. ಬೇರೆ ಕಡೆ ಹುಡುಕೋದನ್ನ ಮಾತ್ರ ನಿಲ್ಲಿಸಬೇಡಿ.

ಕೋರಮಂಗಲ_ಕನ್ಸಲ್ಟೆಂಟ್

ನಾನು ಕನ್ಸಲ್ಟೆನ್ಸಿ ಕಡೆಯವನು, ಆ ದಾರಿಯನ್ನ ಯಾಕೆ ಯಾರೂ ನೆನಪಿಸ್ತಿಲ್ಲ? ನಮಗೆ ದುಡ್ಡು ಬರೋದು ಕ್ಯಾಂಡಿಡೇಟ್ ಕೆಲಸಕ್ಕೆ ಸೇರಿದ ಮೇಲೆ. ನಮ್ಮಲ್ಲಿ ಬಹಳ ಕಡೆ ನಡೆಯೋ ರೇಟು ವರ್ಷದ ಸಿಟಿಸಿಯ 8.33 ಶೇಕಡಾ, ಅಂದ್ರೆ ಒಂದು ತಿಂಗಳ ಸಂಬಳ. 30 ಲಕ್ಷದ ಹುದ್ದೆಗೆ ಎರಡೂವರೆ ಲಕ್ಷ. ಅಷ್ಟು ದುಡ್ಡು ತೂಗಾಡ್ತಿರುವಾಗ ನಿಮ್ಮನ್ನ ಮೊದಲು ಪರಿಚಯಿಸಿದವರಿಗೂ ಉತ್ತರ ಬೇಕೇ ಬೇಕು. ಅವರಿಗೆ ಫೋನ್ ಮಾಡಿ, ಸೋಮವಾರದ ವಿಷಯ ಹೇಳಿ.

ಹೇಗೆ ಕೇಳ್ತೀರಿ ಅನ್ನೋದು ಮುಖ್ಯ. ‘ಏನಾಯ್ತು’ ಅಂದ್ರೆ ‘ಪ್ರೋಸೆಸ್‌ನಲ್ಲಿದೆ, ವೆಯ್ಟ್ ಮಾಡಿ’ ಅಂತಾರೆ. ನಿಮ್ಮನ್ನ ಕಾಯಿಸಿದರೆ ಅವರಿಗೆ ನಷ್ಟ ಇಲ್ಲ. ‘ಈ ಹುದ್ದೆಗೆ ನಿಮ್ಮಿಂದ ಈಗಲೂ ಹೊಸ ಪ್ರೊಫೈಲ್ ಕೇಳ್ತಿದ್ದಾರಾ’ ಅಂತ ಕೇಳಿ. ಕೇಳ್ತಿದ್ದಾರೆ ಅಂದ್ರೆ ನಿಮ್ಮನ್ನ ಬಿಟ್ಟಿದ್ದಾರೆ ಅಥವಾ ಸಂಬಳಕ್ಕೆ ಹಿಂಜರೀತಿದ್ದಾರೆ. ‘ಕಳಿಸಬೇಡಿ, ಸದ್ಯಕ್ಕೆ ಸಾಕು’ ಅಂದಿದ್ರೆ ಯಾರಿಗೋ ಆಫರ್ ಹೋಗಿದೆ, ಇಲ್ಲವೇ ಹುದ್ದೆ ನಿಂತಿದೆ. ನಮಗೆ ಇಷ್ಟು ಗೊತ್ತಿರುತ್ತೆ.

ಬೇಜಾರಿನಲ್ಲಿ ಅದೇ ಹುದ್ದೆಗೆ ಇನ್ನೊಂದು ಕನ್ಸಲ್ಟೆನ್ಸಿಯಿಂದ ಹೆಸರು ಹಾಕಿಸಬೇಡಿ. ಒಂದೇ ಪ್ರೊಫೈಲ್ ಎರಡು ಕಡೆಯಿಂದ ಹೋದ್ರೆ ಕಮಿಷನ್ ಯಾರಿಗೆ ಅನ್ನೋ ಜಗಳ ಶುರುವಾಗುತ್ತೆ, ಕಂಪನಿಯವರು ಜಗಳದ ಫೈಲನ್ನೇ ಪಕ್ಕಕ್ಕಿಡ್ತಾರೆ.

ಟೊರೊಂಟೊ_ಕನ್ನಡಿಗ

ಇಲ್ಲಿ ಒಂಟಾರಿಯೋದಲ್ಲಿ 2026ರ ಜನವರಿ 1ರಿಂದ ಇದಕ್ಕೊಂದು ನಿಯಮವೇ ಬಂದಿದೆ. 25 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರೋ ಕಂಪನಿ ಬಹಿರಂಗವಾಗಿ ಜಾಹೀರಾತು ಕೊಟ್ಟು ಸಂದರ್ಶನ ಮಾಡಿದ್ರೆ, ಕೊನೇ ಸಂದರ್ಶನದಿಂದ 45 ದಿನದೊಳಗೆ ಆ ಹುದ್ದೆಯ ಬಗ್ಗೆ ತೀರ್ಮಾನ ಆಗಿದೆಯಾ ಇಲ್ವಾ ಅಂತ ಅಭ್ಯರ್ಥಿಗೆ ತಿಳಿಸಲೇಬೇಕು. ಕಾರಣ ಹೇಳಬೇಕಿಲ್ಲ. ನಮ್ಮ ದೇಶದಲ್ಲೂ ಇಂಥದ್ದು ಬರಬೇಕು.

ಮೈಸೂರು_ಸಣ್ಣ_ಕಂಪನಿ

45 ದಿನ ಅಂದ್ರೆ ಕೊಪ್ಪದವರ ಸೋಮವಾರಕ್ಕೆ ಉಪಯೋಗಕ್ಕೆ ಬರಲ್ಲವಲ್ಲ ಸರ್. ‘ಇನ್ನೂ ತೀರ್ಮಾನ ಆಗಿಲ್ಲ’ ಅಂತ ಒಂದು ಸಾಲು ಕಳಿಸಿದರೂ ನಿಯಮ ಪಾಲಿಸಿದ ಹಾಗೇ ಆಗುತ್ತಲ್ವಾ?

ಟೊರೊಂಟೊ_ಕನ್ನಡಿಗ

ನೀವು ಹೇಳೋದು ಸರಿ. ಆದರೂ ಪೂರ್ತಿ ಮೌನಕ್ಕಿಂತ ಆ ಒಂದು ಸಾಲು ಎಷ್ಟೋ ಮೇಲು ಅನ್ನಿಸುತ್ತೆ ನನಗೆ. ಎಂಟು ತಿಂಗಳು ಕೆಲಸ ಹುಡುಕಿದವನು ನಾನು.

ರಾಜಾಜಿನಗರ_ಎಕ್ಸ್‌ಪ್ರೆಸ್

ಇಷ್ಟು ನಯವಾಗಿ ಯಾಕ್ರೀ ಕೇಳಬೇಕು? ರಿಕ್ರೂಟರ್ ಹೆಸರು, ಕಂಪನಿ ಹೆಸರು ಹಾಕಿ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಮಾಡಿ. ಒಂದೇ ಗಂಟೆಯಲ್ಲಿ ಫೋನ್ ಬರುತ್ತೆ. ರಜಾ ಹಾಕಿ ನಾಲ್ಕು ರೌಂಡ್ ಕೊಟ್ಟವರಿಗೆ ಒಂದು ಮೇಲ್ ಹಾಕೋಕಾಗಲ್ವಾ ಇವರಿಗೆ?

ನೇಮಕಾತಿ_ಕಡೆಯವಳು

ಕೋಪ ನ್ಯಾಯವಾದದ್ದೇ. ಆದ್ರೆ ಆ ರಿಕ್ರೂಟರ್ ಕೈಯಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಹುದ್ದೆ ಇರಬಹುದು, ಕಾಂಟ್ರಾಕ್ಟ್‌ನಲ್ಲಿರೋ ಹುಡುಗಿ ಇರಬಹುದು. ಹೆಸರು ಹಾಕಿದ್ರೆ ಪೆಟ್ಟು ಬೀಳೋದು ಆಕೆಗೆ, ಒಪ್ಪಿಗೆ ತಡೆದು ಕೂತವರಿಗಲ್ಲ. ಕಂಪನಿಯ ಬಗ್ಗೆ ಬರೀಬೇಕು ಅನ್ನಿಸಿದ್ರೆ ಎಲ್ಲಾ ಮುಗಿದ ಮೇಲೆ ಗ್ಲಾಸ್‌ಡೋರ್‌ನಂಥ ಕಡೆ ನಡೆದದ್ದನ್ನ ನಡೆದ ಹಾಗೆ ಬರೀರಿ. ಎಷ್ಟು ರೌಂಡ್ ಆಯ್ತು, ಯಾವಾಗ ಹೇಳ್ತೀವಿ ಅಂದಿದ್ರು, ಆಮೇಲೆ ಏನಾಯ್ತು, ಅಷ್ಟು ಸಾಕು. ಮುಂದಿನವರಿಗೆ ಅದು ಉಪಯೋಗಕ್ಕೆ ಬರುತ್ತೆ.

ಕೊಪ್ಪದ_ಟೆಸ್ಟರ್

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿಯೇ ಮೇಡಂ ಹೇಳಿದ ಹಾಗೆ ಹಳೇ ಮೇಲ್‌ಗೆ ರಿಪ್ಲೈ ಮಾಡಿದೆ. ಕನ್ಸಲ್ಟೆನ್ಸಿಯವರಿಗೂ ಬೆಳಿಗ್ಗೆ ಫೋನ್ ಮಾಡಿದೆ. ಹೊಸ ಪ್ರೊಫೈಲ್ ಕೇಳ್ತಿದ್ದಾರಾ ಅಂದಿದ್ದಕ್ಕೆ ಸ್ವಲ್ಪ ತಡವರಿಸಿ, ‘ಹೋದ ವಾರವೇ ನಿಲ್ಲಿಸೋಕೆ ಹೇಳಿದ್ರು’ ಅಂದ್ರು. ಜಾಹೀರಾತು ಮಾತ್ರ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಗೇ ಇದೆ. ಅದನ್ನ ನಂಬಬಹುದಾ?

ಕೋರಮಂಗಲ_ಕನ್ಸಲ್ಟೆಂಟ್

ಜಾಹೀರಾತಿನ ಮೇಲೆ ಲೆಕ್ಕ ಹಾಕಬೇಡಿ. ಆಫರ್ ಪಡೆದವರು ಸೇರೋವರೆಗೂ ಅದನ್ನ ತೆಗೆಯೋದಿಲ್ಲ, ಸೇರಿದ ಮೇಲೂ ಮರೆತು ಬಿಟ್ಟಿರ್ತಾರೆ. ನಿಮ್ಮ ವಿಷಯದಲ್ಲಿ ಬೇರೆಯವರಿಗೆ ಆಫರ್ ಹೋಗಿರೋ ಹಾಗೆ ಕಾಣುತ್ತೆ.

ಜಯನಗರ_ಕಾಂಪ್ಲೆಕ್ಸ್

ಹಾಗಾದ್ರೆ ಅವರು ಬರದೇ ಇದ್ರೆ ಇವರಿಗೇ ತಾನೇ? ಎರಡನೇ ಜಾಗದಲ್ಲಿದ್ದೋರು ಸ್ವಲ್ಪ ಕಾಯೋದ್ರಲ್ಲಿ ತಪ್ಪೇನು?

ನೇಮಕಾತಿ_ಕಡೆಯವಳು

ಕಾಯೋ ಅವಧಿ ಎಷ್ಟು ಅಂತ ಯೋಚನೆ ಮಾಡಿ. ಆಫರ್ ಪಡೆದವರಿಗೂ 90 ದಿನದ ನೋಟಿಸ್ ಇದೆ ಅಂದ್ಕೊಳ್ಳಿ. ಇವತ್ತು ಒಪ್ಪಿದರೂ ಆ ಮೂರು ತಿಂಗಳಲ್ಲಿ ಅವರು ಆ ಲೆಟರ್ ಹಿಡಿದು ಇನ್ನೂ ನಾಲ್ಕು ಕಡೆ ಹೋಗಬಹುದು. ಬಹಳ ಸಲ ಕೊನೇ ವಾರದಲ್ಲಿ ‘ಬರಲ್ಲ’ ಅಂತಾರೆ, ಕೆಲವರು ಸೇರೋ ದಿನವೇ ಫೋನ್ ಆಫ್ ಮಾಡ್ತಾರೆ. ಆಗ ಎರಡನೆಯವರಿಗೆ ಫೋನ್ ಹೋಗುತ್ತೆ, ಅದೂ ಆ ಹುದ್ದೆಗೆ ಆಗಲೂ ಹಣ ಇದ್ರೆ. ಅದಾದ ಮೇಲೆ ಕೊಪ್ಪದವರ ಸ್ವಂತ 90 ದಿನ ಶುರು. ಹೀಗೆ ಆರು ತಿಂಗಳ ಆಚೆ ಇರೋದನ್ನ ನಂಬಿ ಕೈಯಲ್ಲಿರೋ ಲೆಟರ್ ಬಿಡೋಕಾಗಲ್ಲ.

ಅಂಕಿ ಬಗ್ಗೆಯೂ ಒಂದು ಮಾತು. ‘30ರ ಆಸುಪಾಸು’ ಅನ್ನೋದು ಫೋನಿನಲ್ಲಿ ಹೇಳಿದ ಮಾತು. ಅದರಲ್ಲಿ ವೇರಿಯಬಲ್ ಎಷ್ಟು, ಜಾಯ್ನಿಂಗ್ ಬೋನಸ್ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಲೆಟರ್‌ನಲ್ಲಿರೋ 24 ಜೊತೆ ಅದನ್ನ ಕಳೆದು ಆರು ಲಕ್ಷ ನಷ್ಟ ಅನ್ನೋದು ಸರಿಯಾದ ಲೆಕ್ಕ ಅಲ್ಲ. ಬೇಕಿದ್ರೆ ಆ ಚಿಕ್ಕ ಕಂಪನಿಯವರ ಹತ್ತಿರವೇ ಬುಧವಾರದವರೆಗೆ ಸಮಯ ಕೇಳಿ. ಎರಡು ದಿನ ಕೇಳಿದ್ದಕ್ಕೆ ಆಫರ್ ವಾಪಸ್ ತಗೊಂಡವರು ಕಡಿಮೆ, ಎರಡು ವಾರ ಕೇಳಿದರೆ ಮಾತ್ರ ಅನುಮಾನ ಬರುತ್ತೆ.

ರಾಜಾಜಿನಗರ_ಎಕ್ಸ್‌ಪ್ರೆಸ್

ಸುಮ್ಮನೆ 24ಕ್ಕೆ ಹೂಂ ಅನ್ನಿ. ಅದೇ ನೋಟಿಸ್‌ನಲ್ಲಿರುವಾಗ ದೊಡ್ಡ ಕಂಪನಿ ಕರೆದ್ರೆ ಅಲ್ಲಿಗೆ ಹೋಗಿ. ಎಲ್ಲರೂ ಮಾಡೋದೇ ಅದು. ಕಂಪನಿಯವರು ಎರಡನೆಯವರನ್ನ ಕೈಯಲ್ಲಿಟ್ಕೋಬಹುದು, ನಾವು ಇಟ್ಕೋಬಾರ್ದಾ?

ಮೈಸೂರು_ಸಣ್ಣ_ಕಂಪನಿ

ನಮ್ಮದು ಹದಿನೈದು ಜನರ ಕಂಪನಿ ಸರ್. ಹೋದ ವರ್ಷ ಒಬ್ಬರು ಆಫರ್ ಒಪ್ಪಿ, ಮೂರು ತಿಂಗಳು ‘ಬರ್ತೀನಿ ಬರ್ತೀನಿ’ ಅಂತ ಹೇಳಿ, ಸೇರೋ ಹಿಂದಿನ ರಾತ್ರಿ ಮೆಸೇಜ್ ಹಾಕಿದ್ರು. ಆ ಮೂರು ತಿಂಗಳು ಅವರ ಪಾಲಿನ ಕೆಲಸವನ್ನ ಇಬ್ಬರು ಹುಡುಗರು ಶನಿವಾರ ಭಾನುವಾರ ಕೂತು ಮಾಡಿದ್ರು. ಅವರಿಗಾಗಿ ಬೇರೆ ಇಬ್ಬರು ಒಳ್ಳೆಯವರಿಗೆ ಬೇಡ ಅಂದಿದ್ವಿ. ದೊಡ್ಡ ಕಂಪನಿ ನಿಮಗೆ ಮಾಡಿದ್ದನ್ನ ನೀವು ನಮ್ಮಂಥವರಿಗೆ ಮಾಡಿದ್ರೆ ಆ ದೊಡ್ಡ ಕಂಪನಿಗೆ ಏನೂ ಆಗಲ್ಲ.

ರಾಜಾಜಿನಗರ_ಎಕ್ಸ್‌ಪ್ರೆಸ್

ನಿಮಗಾದದ್ದು ಕೇಳಿ ಬೇಜಾರಾಯ್ತು ಸರ್. ಆದರೆ ಸೇರಿದ ಮೇಲೆ ಪ್ರಾಜೆಕ್ಟ್ ಇಲ್ಲ ಅಂತ ಕಂಪನಿಯವರು ಕಳಿಸಿದ್ರೆ ಅವನ ಇಎಂಐ ಯಾರು ಕಟ್ತಾರೆ? ನನ್ನ ತಮ್ಮನಿಗೆ ಹಾಗೇ ಆಯ್ತು. ನಾನಂತೂ ನನ್ನ ಮಾತಿಗೇ ನಿಲ್ಲೋದು.

ನೇಮಕಾತಿ_ಕಡೆಯವಳು

ಇದರಲ್ಲಿ ನಾನು ಮೈಸೂರಿನವರ ಪರ. ಆದರೂ ರಾಜಾಜಿನಗರದವರ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮನಸ್ಸು ಬದಲಾದ್ರೆ ಅದೇ ದಿನ ಹೇಳಿಬಿಡಿ, ಕೊನೇ ರಾತ್ರಿವರೆಗೆ ಎಳೀಬೇಡಿ. ಅಷ್ಟನ್ನಾದರೂ ಎಲ್ಲರೂ ಪಾಲಿಸಬಹುದು.

ಕೊಪ್ಪದ_ಟೆಸ್ಟರ್

ಅಪ್‌ಡೇಟ್. ನಿನ್ನೆ ಮಧ್ಯಾಹ್ನದವರೆಗೂ ರಿಕ್ರೂಟರ್‌ರಿಂದ ಉತ್ತರ ಬರಲಿಲ್ಲ. ಮ್ಯಾನೇಜರ್‌ಗೆ ಲಿಂಕ್ಡ್‌ಇನ್‌ನಲ್ಲಿ ನಾಲ್ಕೇ ಸಾಲು ಬರೆದೆ. ರಾತ್ರಿ ಹತ್ತಕ್ಕೆ ಉತ್ತರ ಬಂತು. ಆ ರಿಕ್ರೂಟರ್ ಬೇರೆ ವಿಭಾಗಕ್ಕೆ ಹೋಗಿದ್ದಾರಂತೆ, ನನ್ನ ಫೈಲ್ ಯಾರಿಗೂ ಹಸ್ತಾಂತರ ಆಗಿಲ್ಲ. ಬೇರೊಬ್ಬರಿಗೆ ಆಫರ್ ಹೋಗಿದೆ, ಅವರಿನ್ನೂ ಸಹಿ ಹಾಕಿಲ್ಲ. ‘ನೀವು ತುಂಬಾ ಹತ್ತಿರ ಬಂದಿದ್ರಿ, ಆದರೆ ಯಾವ ದಿನಾಂಕವನ್ನೂ ನಾನು ಕೊಡೋಕಾಗಲ್ಲ, ಕೈಯಲ್ಲಿರೋದನ್ನ ನಮಗೋಸ್ಕರ ಬಿಡಬೇಡಿ’ ಅಂತ ಬರೆದಿದ್ದಾರೆ. ಓದಿ ಬೇಜಾರಾದರೂ ಮನಸ್ಸು ಹಗುರವಾಯ್ತು. ಆ ಮನುಷ್ಯನ ಮೇಲೆ ಗೌರವ ಬಂತು.

ಚಿಕ್ಕ ಕಂಪನಿಯವರು ಬುಧವಾರದವರೆಗೆ ಸಮಯ ಕೊಟ್ಟಿದ್ದಾರೆ, ಆದರೆ ನಾನು ಸೋಮವಾರವೇ ಒಪ್ಪಿಕೊಳ್ತಿದ್ದೀನಿ. ಈಗ ಎರಡು ಪ್ರಶ್ನೆ. ರಾಜೀನಾಮೆ ಯಾವಾಗ ಹಾಕಲಿ? ಮ್ಯಾನೇಜರ್‌ಗೆ ‘ಬೇರೆ ಕಡೆ ಸೇರ್ತಿದ್ದೀನಿ’ ಅಂತ ಹೇಳಿದ್ರೆ ಅಲ್ಲಿನ ಬಾಗಿಲು ಮುಚ್ಚುತ್ತಾ?

ನೇಮಕಾತಿ_ಕಡೆಯವಳು

ಸಹಿ ಹಾಕಿದ ಲೆಟರ್ ಎರಡೂ ಕಡೆ ತಲುಪಿ, ಅವರ ಎಚ್‌ಆರ್‌ನಿಂದ ‘ಸ್ವೀಕರಿಸಿದ್ದೀವಿ’ ಅಂತ ಮೇಲ್ ಬಂದ ಮೇಲೆ ರಾಜೀನಾಮೆ ಹಾಕಿ. ಲೆಟರ್‌ನಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಷರತ್ತು ಇದೆಯಾ ನೋಡಿ. ಹಳೇ ಕಂಪನಿಗಳ ರಿಲೀವಿಂಗ್ ಲೆಟರ್, ದಿನಾಂಕಗಳು ಪಿಎಫ್ ದಾಖಲೆ ಜೊತೆ ಹೊಂದುತ್ತಾ ಅಂತ ಈಗಲೇ ಪರಿಶೀಲಿಸಿಕೊಳ್ಳಿ.

ಮ್ಯಾನೇಜರ್‌ಗೆ ಹೇಳಿ. ಎರಡು ಸಾಲು ಸಾಕು: ‘ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ, ನಾನು ಬೇರೆ ಕಡೆ ಒಪ್ಪಿಕೊಂಡೆ, ಮುಂದೆ ನಿಮ್ಮ ಟೀಮಿನಲ್ಲಿ ಜಾಗ ಬಂದರೆ ಮಾತಾಡೋಣ.’ ಮುಂದಿನ ಸಲ ನಿಮ್ಮನ್ನ ಎಲ್ಲ ರೌಂಡ್‌ಗೂ ಕೂರಿಸದೆ ನೇರ ಕರೆಯೋ ಅಧಿಕಾರ ಇರೋದು ಅವರ ಹತ್ತಿರವೇ. ಪೋರ್ಟಲ್‌ನಲ್ಲಿ ಅರ್ಜಿಯನ್ನೂ ಹಿಂತೆಗೆದುಕೊಳ್ಳಿ.

ಕೋರಮಂಗಲ_ಕನ್ಸಲ್ಟೆಂಟ್

ನಿಮ್ಮ ಕನ್ಸಲ್ಟೆನ್ಸಿಯವರಿಗೂ ಒಂದು ಫೋನ್ ಹಾಕಿಬಿಡಿ, ಇಲ್ಲಾಂದ್ರೆ ಅವರು ಇನ್ನೂ ‘ಪ್ರೋಸೆಸ್‌ನಲ್ಲಿದೆ’ ಅಂತ ಅಂದ್ಕೊಂಡೇ ಇರ್ತಾರೆ.

ಹುಬ್ಬಳ್ಳಿ_ಫ್ರೆಶರ್

ಅಭಿನಂದನೆಗಳ್ರಿ ಅಣ್ಣಾರ. ಮೇಡಂ, ನನ್ನ ಕಾಗದ ನೋಡಿದ್ನಿ, ಲೆಟರ್ ಆಫ್ ಇಂಟೆಂಟ್ ಅಂತನ ಬರದೈತಿ. ಸೋಮವಾರ ಪ್ಲೇಸ್‌ಮೆಂಟ್ ಸರ್ ಹತ್ರ ಹೊಂಟೀನಿ.